ಶಿಫ್ಟ್ ಬದಲಾವಣೆಯ ಪತ್ರ ಬರೆಯುವ ಮೊದಲು ಆ ಒಂದು ಭಾನುವಾರದ ಲೆಕ್ಕ ಹಾಕಿ

ನಾನು ಬರೆದ ಮೊದಲ ಶಿಫ್ಟ್ ಪತ್ರ ನಾಲ್ಕೇ ಸಾಲಿನದು. "12ನೇ ತಾರೀಕು ರಾತ್ರಿ 12 ಗಂಟೆಯಿಂದ ಹೊಸ ಪಾಳಿ ಜಾರಿಗೆ ಬರುತ್ತದೆ, ಎಲ್ಲರೂ ಸಹಕರಿಸಬೇಕು" ಅಂತ ಬರೆದು, ಸಹಿ ಹಾಕಿ, ಗೇಟಿನ ಪಕ್ಕದ ಬೋರ್ಡಿಗೆ ಅಂಟಿಸಿದ್ದೆ. ನೈಟ್ ಶಿಫ್ಟಿನವರಲ್ಲಿ ಅರ್ಧ ಜನ 11ರ ರಾತ್ರಿ ಊಟ ಮುಗಿಸಿಕೊಂಡು ಬಂದರು. ಇನ್ನರ್ಧ ಜನ 12ರ ರಾತ್ರಿ ಬಂದರು. ಇಬ್ಬರದೂ ಸರಿಯೇ. ರಾತ್ರಿ 12 ಅಂದರೆ ಯಾವ ದಿನದ್ದು ಅಂತ ನಾನು ಹೇಳಿರಲಿಲ್ಲ. ಆ ರಾತ್ರಿ ಅರ್ಧ ಮಷಿನ್ ನಿಂತಿದ್ದವು. ಬರದೇ ಇದ್ದವರಿಗೆ ಗೈರು ಬಿತ್ತು, ಅದನ್ನು ಸರಿ ಮಾಡಿಸಲು ಎರಡು ವಾರ ಹಿಡಿಯಿತು.

ಆಮೇಲೆ ಇಂಥ ಪತ್ರಗಳನ್ನು ಸುಮಾರು ಬರೆದಿದ್ದೇನೆ. ಅನುಭವದಿಂದ ಒಂದು ವಿಷಯ ಗೊತ್ತಾಗಿದೆ. ಪತ್ರ ಕೆಡುವುದು ಭಾಷೆಯಿಂದಲ್ಲ. ಹಳೆ ಪಾಳಿ ಮುಗಿದು ಹೊಸ ಪಾಳಿ ಶುರುವಾಗುವ ಆ ಒಂದು ಶನಿವಾರ, ಭಾನುವಾರ, ಸೋಮವಾರದ ಲೆಕ್ಕವನ್ನು ಬರೆಯುವವರು ಹಾಕಿಕೊಂಡಿರುವುದಿಲ್ಲ. ಅಲ್ಲೇ ಕೆಡುತ್ತದೆ. ಅದಕ್ಕೇ ಪತ್ರದ ಒಕ್ಕಣೆಗಿಂತ ಮೊದಲು ಲೆಕ್ಕದಿಂದ ಶುರು ಮಾಡುತ್ತೇನೆ.

ಉದಾಹರಣೆಗೆ ಪೀಣ್ಯದ ಒಂದು ಮಷಿನ್ ಶಾಪ್ ಇಟ್ಟುಕೊಳ್ಳೋಣ. ಸಿಎನ್‌ಸಿ ಲೇತುಗಳು, ಮೂರು ಪಾಳಿ, ಪಾಳಿಗೆ 18 ಜನ. ಎ, ಬಿ, ಸಿ ಅಂತ ಮೂರು ಬ್ಯಾಚು. ಈಗಿನ ಸಮಯ ಬೆಳಗ್ಗೆ 7ರಿಂದ 3, ಮಧ್ಯಾಹ್ನ 3ರಿಂದ ರಾತ್ರಿ 11, ರಾತ್ರಿ 11ರಿಂದ ಬೆಳಗ್ಗೆ 7. ಸೋಮವಾರದಿಂದ ಶನಿವಾರದವರೆಗೆ ಕೆಲಸ, ಭಾನುವಾರ ರಜೆ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ಫಸ್ಟ್ ಮಾಡಿದವರು ಸೆಕೆಂಡಿಗೆ, ಸೆಕೆಂಡ್ ಮಾಡಿದವರು ನೈಟಿಗೆ, ನೈಟ್ ಮಾಡಿದವರು ಫಸ್ಟಿಗೆ.

ತೊಂದರೆ ಎರಡು. ರಾತ್ರಿ 11ಕ್ಕೆ ಬಿಟ್ಟವರಿಗೆ ಮನೆಗೆ ಹೋಗಲು ಬಸ್ಸು ಸಿಗುವುದು ಕಷ್ಟ. ಸೋಮವಾರ ಬೆಳಗಿನ ಪಾಳಿಗೆ ಬರುವವರು, ಅಂದರೆ ಹಿಂದಿನ ವಾರ ನೈಟ್ ಮಾಡಿದವರು, ಕಣ್ಣು ಬಿಡಲಾಗದೆ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಹಾಗಾಗಿ ಸಮಯವನ್ನು 6, 2, 10ಕ್ಕೆ ತರಬೇಕು, ಪಾಳಿ ಪಟ್ಟಿಯನ್ನೂ ಬದಲಿಸಬೇಕು. ಹೊಸ ಪಟ್ಟಿ 2026ರ ಜುಲೈ 6, ಸೋಮವಾರದಿಂದ.

ಮೊದಲ ಹೆಜ್ಜೆ: ಎರಡು ಪಾಳಿಯ ನಡುವಿನ ಗಂಟೆ ಎಣಿಸಿ

ಒಂದು ಹಾಳೆ ತಗೊಳ್ಳಿ. ಪ್ರತಿ ಬ್ಯಾಚು ಶನಿವಾರ ಎಷ್ಟಕ್ಕೆ ಗೇಟು ದಾಟುತ್ತದೆ, ಮತ್ತೆ ಎಷ್ಟಕ್ಕೆ ಒಳಗೆ ಬರಬೇಕು ಅಂತ ಬರೆಯಿರಿ. ಇಷ್ಟೇ ಕೆಲಸ, ಆದರೆ ಇದನ್ನು ಮಾಡದೆ ಹೊರಡಿಸಿದ ಪಟ್ಟಿಗಳೇ ಜಾಸ್ತಿ.

ಸಮಯ ಮಾತ್ರ 6, 2, 10 ಮಾಡಿ, ಮಿಕ್ಕಿದ್ದೆಲ್ಲ ಹಳೆಯದೇ ಇಟ್ಟರೆ ಏನಾಗುತ್ತದೆ ನೋಡಿ. ಫಸ್ಟಿನವರು ಶನಿವಾರ ಮಧ್ಯಾಹ್ನ 2ಕ್ಕೆ ಬಿಟ್ಟು, ಸೋಮವಾರ ಮಧ್ಯಾಹ್ನ 2ಕ್ಕೆ ಸೆಕೆಂಡಿಗೆ ಬರುತ್ತಾರೆ. 48 ಗಂಟೆ ಸಿಕ್ಕಿತು. ಸೆಕೆಂಡಿನವರು ಶನಿವಾರ ರಾತ್ರಿ 10ಕ್ಕೆ ಬಿಟ್ಟು, ಸೋಮವಾರ ರಾತ್ರಿ 10ಕ್ಕೆ ನೈಟಿಗೆ ಬರುತ್ತಾರೆ. ಅಲ್ಲೂ 48. ನೈಟಿನವರು? ಶನಿವಾರ ರಾತ್ರಿ 10ಕ್ಕೆ ಬಂದವರು ಭಾನುವಾರ ಬೆಳಗ್ಗೆ 6ಕ್ಕೆ ಬಿಡುತ್ತಾರೆ. ಸೋಮವಾರ ಬೆಳಗ್ಗೆ 6ಕ್ಕೆ ಫಸ್ಟಿಗೆ ಹಾಜರಾಗಬೇಕು. ಬರೀ 24 ಗಂಟೆ. ಅದರಲ್ಲಿ ಭಾನುವಾರ ಹಗಲೆಲ್ಲ ನಿದ್ದೆಗೆ ಹೋಗುತ್ತದೆ. ಹಗಲು ಮಲಗಿ ಎದ್ದವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಸೋಮವಾರ ಬೆಳಗ್ಗೆ 4ಕ್ಕೆ ಅಲಾರಂ ಹೊಡೆಯುತ್ತದೆ. ಹಾಜರಿ ಪುಸ್ತಕದಲ್ಲಿ ಅವರಿಗೆ ಒಂದು ದಿನ ರಜೆ ಸಿಕ್ಕಿದೆ, ಮೈಗೆ ಸಿಕ್ಕಿಲ್ಲ.

ಕಾಯ್ದೆ ಇದನ್ನು ಒಪ್ಪುತ್ತದೆ, ಆದರೆ ಒಂದು ಕೂದಲೆಳೆಯಷ್ಟೇ ಅಂತರದಲ್ಲಿ. 1948ರ ಕಾರ್ಖಾನೆ ಕಾಯ್ದೆಯ 57ನೇ ಕಲಮು ಹೇಳಿದ್ದು ಇದನ್ನೇ. ಮಧ್ಯರಾತ್ರಿ ದಾಟುವ ಪಾಳಿಯವರಿಗೆ ವಾರದ ರಜೆ ಅಂದರೆ ಪಾಳಿ ಮುಗಿದ ಕ್ಷಣದಿಂದ ಒಂದೇ ಸಮನೆ 24 ಗಂಟೆ. ಒಂದು ನಿಮಿಷ ಕಡಿಮೆಯಾದರೂ ಅದು ರಜೆಯಲ್ಲ.

ಈಗ ಬದಲಾವಣೆಯ ವಾರವನ್ನು ನೋಡಿ. ಜುಲೈ 4ರ ಶನಿವಾರ ಇನ್ನೂ ಹಳೆ ಸಮಯ. ಅವತ್ತು ರಾತ್ರಿ 11ಕ್ಕೆ ಬಂದ ಎ ಬ್ಯಾಚು ಭಾನುವಾರ ಬೆಳಗ್ಗೆ 7ಕ್ಕೆ ಬಿಡುತ್ತದೆ. ಸೋಮವಾರ ಹೊಸ ಸಮಯ, ಬೆಳಗ್ಗೆ 6ಕ್ಕೆ ಬರಬೇಕು. ಎಣಿಸಿ. 23 ಗಂಟೆ! ಎರಡೂ ಪಟ್ಟಿ ತಮ್ಮ ತಮ್ಮಷ್ಟಕ್ಕೆ ಸರಿಯಾಗಿವೆ. ಎರಡೂ ಸೇರುವ ಜಾಗದಲ್ಲಿ ಒಂದು ಗಂಟೆ ಕಾಣೆಯಾಗಿದೆ. ಸಮಯವನ್ನು ಹಿಂದಕ್ಕೆ ತರುವ ಯಾವ ಬದಲಾವಣೆಯಲ್ಲೂ ಈ ಗುಂಡಿ ಇರುತ್ತದೆ. ಇದು ಕಣ್ಣಿಗೆ ಬೀಳಬೇಕಾದರೆ ಬ್ಯಾಚಿನ ಹೆಸರು ಹಿಡಿದು ಗಂಟೆ ಎಣಿಸಲೇಬೇಕು.

ಎರಡನೇ ಹೆಜ್ಜೆ: ಪಟ್ಟಿಯನ್ನು ಸರಿ ಮಾಡಿ, ಆಮೇಲೆ ಪತ್ರ

ಇದಕ್ಕೆ ಮೂರು ದಾರಿ ಯೋಚಿಸಿದ್ದೆವು.

ಒಂದು, ತಿರುಗುವ ದಿಕ್ಕನ್ನೇ ಬದಲಿಸುವುದು. ನೈಟಿನಿಂದ ಸೆಕೆಂಡಿಗೆ, ಸೆಕೆಂಡಿನಿಂದ ಫಸ್ಟಿಗೆ, ಫಸ್ಟಿನಿಂದ ನೈಟಿಗೆ. ಆಗ ನಡುವಿನ ಗಂಟೆಗಳು 32, 32, 56 ಆಗುತ್ತವೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪ್ರತಿ ವಾರ ನಿದ್ದೆಯ ಹೊತ್ತನ್ನು ಹಿಂದಕ್ಕೆ ಎಳೆಯಬೇಕಾಗುತ್ತದೆ. ತಡವಾಗಿ ಮಲಗುವುದು ಮೈಗೆ ಸುಲಭ, ಬೇಗ ಮಲಗುವುದು ಕಷ್ಟ. ಮೂರು ಪಾಳಿ ಮಾಡಿದವರನ್ನು ಯಾರನ್ನಾದರೂ ಕೇಳಿ, ಇದನ್ನೇ ಹೇಳುತ್ತಾರೆ. ಅದಕ್ಕೆ ಇದನ್ನು ಬಿಟ್ಟೆವು.

ಎರಡು, ನೈಟ್ ವಾರವನ್ನು ಭಾನುವಾರ ರಾತ್ರಿಯೇ ಶುರು ಮಾಡಿ ಶನಿವಾರ ಬೆಳಗ್ಗೆ ಮುಗಿಸುವುದು. ಆಗ ನೈಟ್ ಮುಗಿದ ಮೇಲೆ 48 ಗಂಟೆ ಸಿಗುತ್ತದೆ, ನಿಜ. ಆದರೆ ಸೋಮವಾರದಿಂದ ಶನಿವಾರದವರೆಗೆ ಸೆಕೆಂಡ್ ಮಾಡಿದವರು ಭಾನುವಾರ ರಾತ್ರಿಯೇ ನೈಟಿಗೆ ಬರಬೇಕು. ಸಾಲಾಗಿ 12 ಪಾಳಿ, ನಡುವೆ 24 ಗಂಟೆ ಇದ್ದರೂ ಕ್ಯಾಲೆಂಡರಿನ ಪೂರ್ತಿ ಒಂದು ದಿನದ ರಜೆ ಇಲ್ಲ. ಇದು ನಡೆಯುವ ಮಾತಲ್ಲ.

ಮೂರನೆಯದು ದುಬಾರಿ, ಆದರೆ ಸರಿಯಾದದ್ದು. ಶನಿವಾರ ರಾತ್ರಿಯ ಪಾಳಿಯನ್ನು ನಿಲ್ಲಿಸುವುದು. ನೈಟಿಗೆ ವಾರಕ್ಕೆ ಐದೇ ರಾತ್ರಿ. ಶುಕ್ರವಾರ ರಾತ್ರಿ 10ಕ್ಕೆ ಬಂದವರು ಶನಿವಾರ ಬೆಳಗ್ಗೆ 6ಕ್ಕೆ ಬಿಡುತ್ತಾರೆ, ಸೋಮವಾರ ಬೆಳಗ್ಗೆ 6ಕ್ಕೆ ಬರುತ್ತಾರೆ. ಮೂರೂ ಬ್ಯಾಚಿಗೆ 48, 48, 48. ಈ ಪದ್ಧತಿಯನ್ನು ಬದಲಾವಣೆಯ ವಾರದಿಂದಲೇ ಹಿಡಿದು, ಜುಲೈ 4ರ ಶನಿವಾರ ರಾತ್ರಿಯ ಪಾಳಿಯನ್ನೂ ಬಿಟ್ಟರೆ ಎ ಬ್ಯಾಚಿಗೆ 23ರ ಬದಲು 47 ಗಂಟೆ ಸಿಗುತ್ತದೆ. ಬಿ ಮತ್ತು ಸಿ ಬ್ಯಾಚಿಗೂ ಆ ಒಂದು ವಾರ 47 ಗಂಟೆಯೇ.

ಇದು ಎಲ್ಲ ಕಡೆ ಆಗುವುದಿಲ್ಲ. ಫರ್ನೇಸು, ಬಾಯ್ಲರು ಇರುವ, ನಿಲ್ಲಿಸಲಾಗದ ಕೆಲಸಕ್ಕೆ ನಾಲ್ಕನೇ ಬ್ಯಾಚು ಬೇಕು. ಮಷಿನ್ ಶಾಪಿನಲ್ಲಿ ನಿಲ್ಲಿಸಬಹುದು. ಸೋಮವಾರ ಬೆಳಗ್ಗೆ ಸ್ಪಿಂಡಲ್ ಬಿಸಿಯಾಗಲು ಸ್ವಲ್ಪ ಹೊತ್ತು ಕೊಡಬೇಕು, ಮೊದಲ ಪೀಸನ್ನು ಅಳತೆ ನೋಡಿಯೇ ಮುಂದೆ ಹೋಗಬೇಕು, ಅಷ್ಟೇ.

ಇನ್ನೊಂದು ಸಣ್ಣ ಗುಂಡಿ ಊಟದ ಹೊತ್ತಿನದು. ಒಂದೇ ಸಮನೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವ ಹಾಗಿಲ್ಲ, ಅಷ್ಟರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು. ಹಳೆ ಸೆಕೆಂಡ್ ಶಿಫ್ಟಿನಲ್ಲಿ 3ಕ್ಕೆ ಬಂದವರಿಗೆ ರಾತ್ರಿ 7:30ಕ್ಕೆ ಊಟ ಇತ್ತು, ಅಂದರೆ ನಾಲ್ಕೂವರೆ ಗಂಟೆಗೆ. ಈಗ ಅವರು 2ಕ್ಕೇ ಬರುತ್ತಾರೆ. ಕ್ಯಾಂಟೀನಿನವರಿಗೆ ಹೇಳುವುದು ಮರೆತರೆ ಊಟ 7:30ಕ್ಕೇ ಉಳಿಯುತ್ತದೆ, ಐದೂವರೆ ಗಂಟೆ ಆಗುತ್ತದೆ. ಪಾಳಿ ಸರಿದ ಹಾಗೆ ಊಟವೂ ಸರಿಯಬೇಕು.

ಮೂರನೇ ಹೆಜ್ಜೆ: 21 ದಿನ

ಕೆಲಸದ ಗಂಟೆ, ಬಿಡುವಿನ ಹೊತ್ತು, ಪಾಳಿ ಪದ್ಧತಿ ಬದಲಿಸುವ ಮೊದಲು ಕಾರ್ಮಿಕರಿಗೆ 21 ದಿನದ ನೋಟಿಸು ಕೊಡಬೇಕು ಅನ್ನುವುದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಮಿನಲ್ಲೂ ಅದೇ 21 ದಿನ ಉಳಿದಿದೆ. ನಮ್ಮ ಉದಾಹರಣೆಯಲ್ಲಿ ಪತ್ರದ ತಾರೀಕು ಜೂನ್ 11, ಗುರುವಾರ. ಜಾರಿ ಜುಲೈ 6. ನಡುವೆ ಮೂರು ವಾರಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ. ಕಾನೂನಿಗೆ ಬೇಕಾದ ನಮೂನೆಯ ನೋಟಿಸು ಮತ್ತು ಕಾರ್ಖಾನೆ ಇಲಾಖೆಗೆ ಹೋಗುವ ಕೆಲಸದ ಅವಧಿಯ ಪಟ್ಟಿ ಬೇರೆ ಕಾಗದಗಳು. ಈ ಪತ್ರ ಅವುಗಳ ಬದಲಿಗೆ ಅಲ್ಲ, ಜೊತೆಗೆ. ಎಲ್ಲದರಲ್ಲೂ ತಾರೀಕು, ಸಮಯ ಒಂದೇ ಇರಬೇಕು. ಒಂದರಲ್ಲಿ 6:00, ಇನ್ನೊಂದರಲ್ಲಿ 6:15 ಇದ್ದರೆ ಮುಂದೆ ಅದೇ ಜಗಳಕ್ಕೆ ಕಾರಣ.

ಪತ್ರ ಹೊರಡಿಸುವ ಮೊದಲೇ ಯೂನಿಯನ್ ಪದಾಧಿಕಾರಿಗಳನ್ನು, ಯೂನಿಯನ್ ಇಲ್ಲದಿದ್ದರೆ ಬ್ಯಾಚಿಗೆ ಇಬ್ಬರನ್ನು ಕೂರಿಸಿ ಹಾಳೆ ತೋರಿಸಿ. ಸುಮ್ನೆ ಒಪ್ಪಿಗೆ ಪಡೆಯಲು ಅಲ್ಲ. ನಿಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ. ನೆಲಮಂಗಲದ ಕಡೆಯಿಂದ ಎಷ್ಟು ಜನ ಬರುತ್ತಾರೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಪಾಳಿ ಮಾಡುತ್ತಾರೆ, ಮಗುವನ್ನು ಶಾಲೆಗೆ ಬಿಡುವವರು ಯಾರು, ಇದೆಲ್ಲ ಅಲ್ಲೇ ಗೊತ್ತಾಗುವುದು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಎಚ್ಚರ. ಬೆಳಗ್ಗೆ 6ಕ್ಕೆ ಮೊದಲು, ಸಂಜೆ 7ರ ನಂತರ ಕೆಲಸಕ್ಕೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡೂ ಬೇಕು. ಇದು ನೈಟ್ ಶಿಫ್ಟಿಗೆ ಮಾತ್ರ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ರಾತ್ರಿ 10ಕ್ಕೆ ಮುಗಿಯುವ ಸೆಕೆಂಡ್ ಶಿಫ್ಟಿಗೂ ಇದು ಅನ್ವಯಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದ ಹೆಣ್ಣುಮಕ್ಕಳು ಜನರಲ್ ಶಿಫ್ಟಿನಲ್ಲೇ ಇದ್ದಾರೆ, ಅವರಿಗೆ ಬದಲಾವಣೆ ಇಲ್ಲ. ಬದಲಾವಣೆ ಇಲ್ಲ ಅನ್ನುವುದನ್ನೂ ಪತ್ರದಲ್ಲಿ ಬರೆಯಬೇಕು. ಇಲ್ಲದಿದ್ದರೆ ಅವರು ತಮಗೂ ಇದೆಯೇನೋ ಅಂತ ಕಾಯುತ್ತಾ ಕೂರುತ್ತಾರೆ.

ನಾಲ್ಕನೇ ಹೆಜ್ಜೆ: ಪತ್ರ

ಪತ್ರ ಓದುವವರಿಗೆ ಬೇಕಾಗಿರುವುದು ಮೊದಲು ಒಂದೇ ಉತ್ತರ: ನಾನು ಸೋಮವಾರ ಎಷ್ಟಕ್ಕೆ ಬರಬೇಕು? ಅದು ಮೊದಲ ಕೆಲವು ಸಾಲಿನಲ್ಲೇ ಸಿಗಬೇಕು. ಎರಡನೆಯ ಪ್ರಶ್ನೆ: ಸಂಬಳ ಕಡಿಮೆ ಆಗುತ್ತಾ? ಕಾರಣ, ವ್ಯಾನು, ಊಟ ಎಲ್ಲ ಆಮೇಲೆ. "ಆಡಳಿತಾತ್ಮಕ ಕಾರಣಗಳಿಂದ" ಅಂತ ಬರೆಯಬೇಡಿ. ಕಾರಣ ಹೇಳದೆ ಬಿಟ್ಟ ಜಾಗದಲ್ಲಿ ಗಾಳಿಸುದ್ದಿ ಹುಟ್ಟುತ್ತದೆ. ಆರ್ಡರ್ ಹೋಯಿತಂತೆ, ಒಂದು ಬ್ಯಾಚು ತೆಗೆಯುತ್ತಾರಂತೆ ಅಂತ ಸಂಜೆಯೊಳಗೆ ಟೀ ಅಂಗಡಿಯಲ್ಲಿ ಮಾತು ಶುರುವಾಗುತ್ತದೆ.

ಪೂರ್ತಿ ಪತ್ರ ಇಲ್ಲಿದೆ:

> ತಾರೀಕು: 11 ಜೂನ್ 2026, ಗುರುವಾರ
>
> ಮಷಿನ್ ಶಾಪಿನ ಎ, ಬಿ, ಸಿ ಬ್ಯಾಚಿನ ಎಲ್ಲ ಕಾರ್ಮಿಕ ಬಂಧುಗಳಿಗೆ,
>
> ನಮಸ್ಕಾರ.
>
> 6 ಜುಲೈ 2026, ಸೋಮವಾರದಿಂದ ನಮ್ಮ ಪಾಳಿಯ ಸಮಯ ಬದಲಾಗುತ್ತದೆ.
>
> ಫಸ್ಟ್ ಶಿಫ್ಟ್: ಬೆಳಗ್ಗೆ 6:00ರಿಂದ ಮಧ್ಯಾಹ್ನ 2:00 (ಊಟ 10:00ರಿಂದ 10:30)
> ಸೆಕೆಂಡ್ ಶಿಫ್ಟ್: ಮಧ್ಯಾಹ್ನ 2:00ರಿಂದ ರಾತ್ರಿ 10:00 (ಊಟ ಸಂಜೆ 6:30ರಿಂದ 7:00)
> ನೈಟ್ ಶಿಫ್ಟ್: ರಾತ್ರಿ 10:00ರಿಂದ ಮರುದಿನ ಬೆಳಗ್ಗೆ 6:00 (ಊಟ 2:00ರಿಂದ 2:30)
>
> ಆ ಸೋಮವಾರ ಎ ಬ್ಯಾಚು ಬೆಳಗ್ಗೆ 6:00ಕ್ಕೆ, ಬಿ ಬ್ಯಾಚು ಮಧ್ಯಾಹ್ನ 2:00ಕ್ಕೆ, ಸಿ ಬ್ಯಾಚು ರಾತ್ರಿ 10:00ಕ್ಕೆ ಬರಬೇಕು. ಮುಂದಿನ ವಾರಗಳು ಹೀಗಿವೆ:
>
> | ವಾರ ಶುರುವಾಗುವ ಸೋಮವಾರ | ಎ | ಬಿ | ಸಿ |
> |---|---|---|---|
> | 6 ಜುಲೈ | ಫಸ್ಟ್ | ಸೆಕೆಂಡ್ | ನೈಟ್ |
> | 13 ಜುಲೈ | ಸೆಕೆಂಡ್ | ನೈಟ್ | ಫಸ್ಟ್ |
> | 20 ಜುಲೈ | ನೈಟ್ | ಫಸ್ಟ್ | ಸೆಕೆಂಡ್ |
>
> 27 ಜುಲೈನಿಂದ ಮತ್ತೆ ಮೊದಲಿನಿಂದ ಇದೇ ಕ್ರಮ.
>
> ಶನಿವಾರ ರಾತ್ರಿ ಇನ್ನು ನೈಟ್ ಶಿಫ್ಟ್ ಇರುವುದಿಲ್ಲ. ನೈಟ್ ವಾರ ಸೋಮವಾರ ರಾತ್ರಿ 10:00ಕ್ಕೆ ಶುರುವಾಗಿ ಶನಿವಾರ ಬೆಳಗ್ಗೆ 6:00ಕ್ಕೆ ಮುಗಿಯುತ್ತದೆ. ಇದು 4 ಜುಲೈ ಶನಿವಾರದಿಂದಲೇ ಜಾರಿ. ಆದ್ದರಿಂದ ಎ ಬ್ಯಾಚಿನವರು 4 ಜುಲೈ ಶನಿವಾರ ರಾತ್ರಿ ಬರಬೇಕಾಗಿಲ್ಲ. ನಿಮ್ಮ ಕೊನೆಯ ಹಳೆ ಪಾಳಿ 3 ಜುಲೈ ಶುಕ್ರವಾರ ರಾತ್ರಿ 11:00ರಿಂದ ಶನಿವಾರ ಬೆಳಗ್ಗೆ 7:00.
>
> ನೈಟ್ ಶಿಫ್ಟಿನ ದಿನ ಅಂದರೆ ಪಾಳಿ ಶುರುವಾಗುವ ದಿನ. "ಸೋಮವಾರದ ನೈಟ್" ಅಂದರೆ ಸೋಮವಾರ ರಾತ್ರಿ 10:00ಕ್ಕೆ ಬರುವುದು.
>
> ನಿಮ್ಮ ತಿಂಗಳ ಸಂಬಳದಲ್ಲಿ ಕಡಿತ ಇಲ್ಲ. ಶನಿವಾರ ರಾತ್ರಿಯನ್ನು ನಿಮ್ಮ ರಜೆಯ ಲೆಕ್ಕಕ್ಕೆ ಹಾಕುವುದಿಲ್ಲ. ನೈಟ್ ಭತ್ಯೆ ಕೆಲಸ ಮಾಡಿದ ರಾತ್ರಿಗೆ ಸಿಗುವುದರಿಂದ, ನೈಟ್ ವಾರದಲ್ಲಿ 6ರ ಬದಲು 5 ರಾತ್ರಿಯ ಭತ್ಯೆ ಬರುತ್ತದೆ.
>
> ಈ ಬದಲಾವಣೆಗೆ ಎರಡು ಕಾರಣ. ರಾತ್ರಿ 11:00ಕ್ಕೆ ಬಿಟ್ಟವರಿಗೆ ಬಸ್ಸು ಸಿಗುತ್ತಿಲ್ಲ. ನೈಟ್ ವಾರ ಮುಗಿಸಿದವರು 24 ಗಂಟೆಯಲ್ಲೇ ಮತ್ತೆ ಬೆಳಗಿನ ಪಾಳಿಗೆ ಬರಬೇಕಾಗಿತ್ತು. ಇನ್ನು ಮೇಲೆ ಪಾಳಿ ಬದಲಾಗುವಾಗ ಎಲ್ಲರಿಗೂ 48 ಗಂಟೆ ಬಿಡುವು ಸಿಗುತ್ತದೆ. ಮೊದಲ ವಾರ ಮಾತ್ರ 47 ಗಂಟೆ. ಫಸ್ಟ್ ಶಿಫ್ಟಿನವರು ಒಂದು ಗಂಟೆ ಬೇಗ ಏಳಬೇಕಾಗುತ್ತದೆ. ಅದು ಕಷ್ಟ ಅಂತ ನಮಗೆ ಗೊತ್ತು.
>
> ಕಂಪನಿ ವ್ಯಾನು ಫಸ್ಟ್ ಶಿಫ್ಟಿಗೆ ನೆಲಮಂಗಲ ಬಸ್ ನಿಲ್ದಾಣದಿಂದ 5:10ಕ್ಕೆ, ದಾಸರಹಳ್ಳಿಯಿಂದ 5:35ಕ್ಕೆ ಹೊರಡುತ್ತದೆ. ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ಗೇಟಿನಿಂದ ರಾತ್ರಿ 10:15ಕ್ಕೆ ಹೊರಡುತ್ತದೆ.
>
> ಹಾಜರಿ 6:00, 2:00, 10:00ಕ್ಕೇ ಲೆಕ್ಕ. ಅದಕ್ಕೂ ಮುಂಚೆ ಬರಬೇಕು ಅಂತ ಇಲ್ಲ. ಪಾಳಿ ಬಿಡುವವರು ಕೊನೆಯ 10 ನಿಮಿಷದಲ್ಲಿ ಮಷಿನ್ ಪುಸ್ತಕ ಬರೆದಿಡಬೇಕು. ಬದಲಿಯವರು ಬರದಿದ್ದರೆ ಸೂಪರ್‌ವೈಸರ್‌ಗೆ ಹೇಳಿ, ಮಷಿನ್ ನಿಲ್ಲಿಸಿ ಹೊರಡಬಹುದು.
>
> ಜನರಲ್ ಶಿಫ್ಟಿನವರಿಗೆ ಯಾವ ಬದಲಾವಣೆಯೂ ಇಲ್ಲ.
>
> ಮನೆಯ ಕಾರಣಕ್ಕೆ ಈ ಸಮಯ ಹೊಂದದವರು 20 ಜೂನ್ ಶನಿವಾರದೊಳಗೆ ಟೈಮ್ ಆಫೀಸಿನಲ್ಲಿ ಹೇಳಿ. 27 ಜೂನ್ ಶನಿವಾರದೊಳಗೆ ಉತ್ತರ ಕೊಡುತ್ತೇವೆ. ಮೂರು ವಾರ ಮುಗಿದ ಮೇಲೆ, 28 ಜುಲೈ ಮಂಗಳವಾರ, ಮೂರೂ ಬ್ಯಾಚಿನವರ ಜೊತೆ ಕೂತು ಹೇಗಾಯಿತು ಅಂತ ಮಾತಾಡೋಣ.
>
> ಇಂತಿ,
> ಕಾರ್ಖಾನೆ ವ್ಯವಸ್ಥಾಪಕರು

ಈ ಪತ್ರದಲ್ಲಿ ಕೆಲವು ಸಾಲಿಗೆ ತಲೆ ಕೆಡಿಸಿಕೊಂಡಿದ್ದೇನೆ. ನೈಟ್ ಭತ್ಯೆಯ ಸಾಲನ್ನು ಬರೆಯಬೇಡಿ, ಸುಮ್ನೆ ಗಲಾಟೆ ಅಂತ ಹೇಳುವವರು ಇರುತ್ತಾರೆ. ಬರೆಯಲೇಬೇಕು. ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ ಭತ್ಯೆ ಕಡಿಮೆ ಕಂಡಾಗ "ಕಡಿತ ಇಲ್ಲ" ಅಂದ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ. ಆಮೇಲೆ ಬರೆಯುವ ಯಾವ ಪತ್ರವನ್ನೂ ನಂಬುವುದಿಲ್ಲ. ಕಂಪನಿ ಆ ಒಂದು ರಾತ್ರಿಯ ಭತ್ಯೆಯನ್ನೂ ತುಂಬಿಕೊಟ್ಟರೆ ಇನ್ನೂ ಒಳ್ಳೆಯದು. ಕೊಡದಿದ್ದರೆ ಮೊದಲೇ ಹೇಳಿಬಿಡುವುದು ಸರಿ.

"ಹತ್ತು ನಿಮಿಷ ಮುಂಚೆ ಬನ್ನಿ" ಅನ್ನುವ ಸಾಲು ಹಳೆ ಪತ್ರಗಳಲ್ಲಿ ಇದ್ದೇ ಇರುತ್ತಿತ್ತು. ಅದನ್ನು ಬೇಕಂತಲೇ ತೆಗೆದಿದ್ದೇನೆ. ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಆರು ದಿನ ಅಂದರೆ ಒಂದು ಗಂಟೆ ಸಂಬಳವಿಲ್ಲದ ಕೆಲಸ. ಬೆಳಗ್ಗೆ 6ಕ್ಕೆ ಬರುವವರಿಗೆ ಆ ಹತ್ತು ನಿಮಿಷ ಅಂದರೆ ಒಂದು ಬಸ್ಸು ಮುಂಚೆ ಹತ್ತಬೇಕು, ಅಲ್ವಾ? ಕೆಲಸ ಹಸ್ತಾಂತರಕ್ಕೆ ಮಷಿನ್ ಪುಸ್ತಕ ಸಾಕು. ಯಾವ ಇನ್‌ಸರ್ಟ್ ಬದಲಾಯಿತು, ಕೊನೆಯ ಪೀಸಿನ ಅಳತೆ ಎಷ್ಟಿತ್ತು, ಆಫ್‌ಸೆಟ್ ಎಷ್ಟು ಕೊಟ್ಟಿದ್ದಾರೆ, ಈ ಮೂರು ಬರೆದಿದ್ದರೆ ಮುಂದಿನವರು ತಡಕಾಡುವುದಿಲ್ಲ.

ಐದನೇ ಹೆಜ್ಜೆ: ಪತ್ರವನ್ನು ಎಲ್ಲರಿಗೂ ಮುಟ್ಟಿಸುವುದು

ಗೇಟಿನ ಹತ್ತಿರ, ಕ್ಯಾಂಟೀನಿನಲ್ಲಿ, ಪಂಚಿಂಗ್ ಮಷಿನ್ ಪಕ್ಕದಲ್ಲಿ ಹಾಕಿ. ಆದರೆ ಬೋರ್ಡಿಗೆ ಹಾಕಿದರೆ ಮುಟ್ಟಿತು ಅಂತಲ್ಲ. ಮೂರೂ ಪಾಳಿಯ ಶುರುವಿನಲ್ಲಿ ಐದು ನಿಮಿಷ ನಿಲ್ಲಿಸಿ ಜೋರಾಗಿ ಓದಿ ಹೇಳಬೇಕು. ನೈಟ್ ಶಿಫ್ಟಿಗೆ ಸೂಪರ್‌ವೈಸರನ್ನು ಕಳಿಸಬೇಡಿ, ಮ್ಯಾನೇಜರೇ ಹೋಗಬೇಕು. ಅವರ ಪಾಳಿಯಲ್ಲೇ ಜಾಸ್ತಿ ಬದಲಾವಣೆ ಇರುವುದು, ಅವರೇ ಮ್ಯಾನೇಜರ್ ಮುಖ ನೋಡದವರು. ಪೀಣ್ಯದಲ್ಲಿ ಉತ್ತರದ ಕಡೆಯ ಹುಡುಗರು ಬೇಕಾದಷ್ಟು ಇದ್ದಾರೆ. ಕನ್ನಡದ ಜೊತೆ ಹಿಂದಿಯಲ್ಲೂ ಒಂದು ಪ್ರತಿ ಇರಲಿ. ಓದಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಒಬ್ಬರನ್ನು ನೋಡಿ, "ನೀವು ಜುಲೈ 6ಕ್ಕೆ ಎಷ್ಟು ಗಂಟೆಗೆ ಬರ್ತೀರಿ?" ಅಂತ ಕೇಳಿ. ಉತ್ತರ ತಡವಾದರೆ ಪತ್ರದಲ್ಲಿ ಏನೋ ಸರಿಯಿಲ್ಲ ಅಂತ ಅರ್ಥ.

ಅವತ್ತು ರಜೆಯಲ್ಲಿ ಇದ್ದವರ, ಊರಿಗೆ ಹೋದವರ ಹೆಸರನ್ನು ಟೈಮ್ ಆಫೀಸಿನಿಂದ ತೆಗೆಸಿ, ಫೋನ್ ಮಾಡಿ ಹೇಳಿ. ಗುತ್ತಿಗೆ ಕೆಲಸದವರು, ಸೆಕ್ಯುರಿಟಿ, ಕ್ಯಾಂಟೀನು, ವ್ಯಾನ್ ಡ್ರೈವರ್, ಇವರಿಗೂ ಪ್ರತಿ ಹೋಗಬೇಕು. ಬೆಳಗ್ಗೆ 6ಕ್ಕೆ ಜನ ಬಂದು ನಿಂತಾಗ ಗೇಟಿನ ಬೀಗ ತೆಗೆಯುವವರು 6:30ಕ್ಕೆ ಬಂದರೆ, ಮೊದಲ ದಿನವೇ ಮರ್ಯಾದೆ ಹೋಯಿತು.

ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಜರಿಯ ಸಾಫ್ಟ್‌ವೇರಿನಲ್ಲಿ ಪಾಳಿಯ ಸಮಯ ಬದಲಿಸುವುದು. ಹಳೆಯ 7ರಿಂದ 3 ಹಾಗೇ ಉಳಿದಿದ್ದರೆ, 6ಕ್ಕೆ ಬಂದು 2ಕ್ಕೆ ಹೋದವರನ್ನು ಅದು ಒಂದು ಗಂಟೆ ಮುಂಚೆ ಹೋದರು ಅಂತ ಬರೆಯುತ್ತದೆ. ನೈಟಿನವರಿಗೆ ಇನ್ನೂ ಕಷ್ಟ. ಸಾಫ್ಟ್‌ವೇರು ಮಧ್ಯರಾತ್ರಿಗೆ ದಿನ ಕತ್ತರಿಸುವಂತಿದ್ದರೆ 10ರ ಪಂಚು ಒಂದು ದಿನಕ್ಕೆ, ಬೆಳಗಿನ 6ರ ಪಂಚು ಇನ್ನೊಂದು ದಿನಕ್ಕೆ ಬಿದ್ದು ಎರಡೂ ದಿನ ಅರ್ಧರ್ಧ ಗೈರು ತೋರಿಸುತ್ತದೆ. ಶನಿವಾರ ರಾತ್ರಿಯೂ ನೈಟ್ ಬ್ಯಾಚಿಗೆ ಗೈರು ಬೀಳುತ್ತದೆ, ಅದನ್ನು ಸಂಬಳ ಸಹಿತ ಬಿಡುವು ಅಂತ ಗುರುತು ಮಾಡಿಸಬೇಕು. ಬದಲಾವಣೆಯ ಹಿಂದಿನ ವಾರ ಬ್ಯಾಚಿಗೆ ಒಬ್ಬರ ಹೆಸರಿನಲ್ಲಿ ಹೊಸ ಪಾಳಿ ಹಾಕಿ, ಪಂಚು ಕೊಟ್ಟು, ವರದಿ ತೆಗೆದು ನೋಡಿ. ಮೊದಲ ಮೂರು ದಿನ ಪ್ರತಿದಿನ ಹಾಜರಿ ಪಟ್ಟಿಯನ್ನು ಕೈಯಲ್ಲೇ ತಾಳೆ ನೋಡಿ.

ಜಾರಿಯಾದ ಮೇಲೆ

ಮೊದಲ ದಿನ ಬೆಳಗ್ಗೆ 5:45ಕ್ಕೆ ಗೇಟಿನಲ್ಲಿರಿ, ರಾತ್ರಿ 10ಕ್ಕೂ ಇರಿ. ಹಳೆ ಸಮಯಕ್ಕೆ, ಅಂದರೆ 7ಕ್ಕೆ, 3ಕ್ಕೆ, 11ಕ್ಕೆ ಬಂದವರಿಗೆ ಆ ಒಂದು ದಿನ ಗೈರು, ಅರ್ಧ ದಿನ ಅಂತ ಹಾಕಬೇಡಿ. ಎಷ್ಟು ಜನ ಹಾಗೆ ಬಂದರು, ಯಾವ ಬ್ಯಾಚಿನವರು ಅಂತ ಬರೆದುಕೊಳ್ಳಿ. ಒಂದೇ ಬ್ಯಾಚಿನವರು ಜಾಸ್ತಿ ಇದ್ದರೆ ಆ ಬ್ಯಾಚಿಗೆ ಪತ್ರ ಸರಿಯಾಗಿ ಓದಿ ಹೇಳಿಲ್ಲ.

ರಜೆಯ ದಿನಗಳ ಲೆಕ್ಕವೂ ಬದಲಾಗುತ್ತದೆ. 2026ರ ಆಗಸ್ಟ್ 15 ಶನಿವಾರ ಬೀಳುತ್ತದೆ. ಪಟ್ಟಿ ಮುಂದುವರಿಸಿ ನೋಡಿದರೆ ಆ ವಾರ ಎ ಬ್ಯಾಚು ನೈಟಿನಲ್ಲಿರುತ್ತದೆ. ನೈಟಿನ ದಿನ ಅಂದರೆ ಪಾಳಿ ಶುರುವಾಗುವ ದಿನ ಅಂತ ನಾವೇ ಬರೆದಿದ್ದೇವೆ. ಶನಿವಾರ ರಾತ್ರಿ ಹೇಗೂ ಪಾಳಿ ಇಲ್ಲ. ಹಾಗಾದರೆ ಫಸ್ಟ್, ಸೆಕೆಂಡಿನವರಿಗೆ ಸಿಗುವ ಸ್ವಾತಂತ್ರ್ಯ ದಿನದ ರಜೆ ಎ ಬ್ಯಾಚಿಗೆ ಇಲ್ಲದ ಹಾಗಾಗುತ್ತದೆ. ಅವರಿಗೆ 14ರ ಶುಕ್ರವಾರ ರಾತ್ರಿಯ ಪಾಳಿಯನ್ನು ಬಿಟ್ಟುಕೊಡಬೇಕು. ಇದನ್ನು ಆಗಸ್ಟಿನಲ್ಲಿ ಅವರು ಕೇಳುವ ಮೊದಲೇ ಎರಡು ಸಾಲಿನ ಚೀಟಿ ಹಾಕಿ ತಿಳಿಸಿ. ಶನಿವಾರ ಬೀಳುವ ಪ್ರತಿ ಹಬ್ಬಕ್ಕೂ ಇದೇ ಲೆಕ್ಕ.

ಎಲ್ಲಕ್ಕಿಂತ ದೊಡ್ಡ ಅಪಾಯ ಎರಡು ತಿಂಗಳ ನಂತರ ಬರುತ್ತದೆ. ಯಾವುದೋ ಡಿಸ್‌ಪ್ಯಾಚು ತಡವಾಗಿರುತ್ತದೆ, ಶನಿವಾರ ರಾತ್ರಿ ಶೆಡ್ಡು ಖಾಲಿ ಇರುತ್ತದೆ, ಓಟಿ ಕೊಡೋಣ ಅಂತ ಯಾರಾದರೂ ಹೇಳುತ್ತಾರೆ. ಡಬಲ್ ಸಂಬಳ ಅಂದರೆ ಬರುವವರೂ ಇರುತ್ತಾರೆ. ನೈಟ್ ವಾರ ಮುಗಿಸಿದವರೇ ಬಂದರೆ ಮತ್ತೆ ಅದೇ 24 ಗಂಟೆ. ಆರು ತಿಂಗಳಲ್ಲಿ ಹಳೆ ಪಟ್ಟಿಯೇ ಹೊಸ ಸಮಯಕ್ಕೆ ವಾಪಸ್ ಬಂದಿರುತ್ತದೆ. ತುರ್ತು ಕೆಲಸ ಬಂದರೆ ಶನಿವಾರ ಮಧ್ಯಾಹ್ನ 2ಕ್ಕೆ ಬಿಡುವ ಫಸ್ಟಿನವರನ್ನು, ಒಪ್ಪಿದರೆ ಮಾತ್ರ, ಎರಡು ಗಂಟೆ ಉಳಿಸಿಕೊಳ್ಳಿ. ಅವತ್ತಿನ ಕೆಲಸ ಒಟ್ಟು ಎಷ್ಟು ಗಂಟೆ ಆಗುತ್ತದೆ ಅಂತ ಮೊದಲು ಟೈಮ್ ಆಫೀಸಿನಲ್ಲಿ ನೋಡಿಸಿ. ಆಗಲೂ ಅವರಿಗೆ ಸೋಮವಾರ ಬರುವ ಮುಂಚೆ 46 ಗಂಟೆ ಸಿಗುತ್ತದೆ.

ಬದಲಾವಣೆ ಕೆಲಸ ಮಾಡಿತಾ ಅಂತ ಮೊದಲ ಸೋಮವಾರವೇ ನಿರ್ಧರಿಸಬೇಡಿ. ಹೊಸ ಪಟ್ಟಿಯ ಪ್ರಕಾರ ನೈಟ್ ಮುಗಿಸಿ ಫಸ್ಟಿಗೆ ಬರುವುದು ಜುಲೈ 13ಕ್ಕೆ ಸಿ ಬ್ಯಾಚು, 20ಕ್ಕೆ ಬಿ, 27ಕ್ಕೆ ಎ. ಈ ಮೂರು ಸೋಮವಾರ ಬೆಳಗ್ಗೆ ಎಷ್ಟು ಜನ ಬಂದರು, ಮೊದಲ ಎರಡು ಗಂಟೆಯಲ್ಲಿ ಎಷ್ಟು ಪೀಸು ರಿಜೆಕ್ಟ್ ಆಯಿತು ಅಂತ ಬರೆದಿಡಿ. ಜೂನಿನ ಸೋಮವಾರಗಳ ಲೆಕ್ಕವನ್ನೂ ಪಕ್ಕದಲ್ಲಿ ಇಡಿ. 28ರ ಮಂಗಳವಾರ ಕೂರುವಾಗ ಆ ಹಾಳೆ ಮೇಜಿನ ಮೇಲಿರಲಿ. ನೈಟ್ ಮುಗಿಸಿ ಬಂದವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಭಾನುವಾರ ರಾತ್ರಿ ನಿದ್ದೆ ಬಂತಾ?